ಬುಗುರಿ ವಾಲಿದಾಗ

ಸಂಜೆ ಮಂಡ್ಯದ ಮನೆ ಜಗಲಿಯಲ್ಲಿ ಅಕ್ಕನ ಮಗ ಬುಗುರಿ ಆಡಿಸುತ್ತಿದ್ದ. ವೇಗ ಕಮ್ಮಿಯಾಗುತ್ತಾ ಬಂದಂತೆ ಅದು ವಾಲಿಕೊಂಡು, ತಲೆಯನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿತು. "ಮಾವ, ಭೂಮೀನೂ ಹಿಂಗೇ ವಾಲಾಡುತ್ತಾ?" ಅಂದ.

ವಾಲಾಡುತ್ತದೆ ಕಣೋ, ಆದರೆ ಒಂದು ಸುತ್ತಿಗೆ ಸುಮಾರು 26,000 ವರ್ಷ ಬೇಕು. ಭೂಮಿ ಸೂರ್ಯನನ್ನು ಸುತ್ತುವ ಕಕ್ಷೆಯೂ ಮೆಲ್ಲಗೆ ತಿರುಗುವುದರಿಂದ, ಸೂರ್ಯನಿಗೆ ತೀರಾ ಹತ್ತಿರ ಬರೋ ದಿನ ಎಲ್ಲಾ ಋತುಗಳನ್ನೂ ಒಮ್ಮೆ ಸುತ್ತಿ ಬರಲು ಸುಮಾರು 21,000 ವರ್ಷ ಆಗುತ್ತದೆ.

ಈ ವಾಲಾಟಕ್ಕೂ ಹಿಮಯುಗಕ್ಕೂ ನಂಟಿದೆ. ಹಿಮಯುಗ ಬರೋದು ಚಳಿಗಾಲ ಜಾಸ್ತಿ ಆದಾಗ ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಹಾಗಲ್ಲ. ಕೆನಡಾದ ಉತ್ತರದಲ್ಲಿ ಚಳಿಗಾಲದಲ್ಲಿ ಹಿಮ ಹೇಗೂ ಬೀಳುತ್ತದೆ. ಬೇಸಿಗೆಯಲ್ಲಿ ಅದು ಕರಗುತ್ತಾ ಇಲ್ವಾ ಅನ್ನೋದೇ ಮುಖ್ಯ. ಸೆರ್ಬಿಯಾದ ವಿಜ್ಞಾನಿ ಮಿಲಾಂಕೊವಿಚ್ ವರ್ಷಗಟ್ಟಲೆ ಕೈಯಲ್ಲೇ ಲೆಕ್ಕ ಹಾಕಿದ್ದು ಈ ಉತ್ತರದ ಬೇಸಿಗೆ ಬಿಸಿಲನ್ನೇ. ಬಿಸಿಲು ಸಾಲದೆ ಒಂದಿಷ್ಟು ಹಿಮ ಉಳಿದರೆ, ಆ ಬಿಳುಪು ಬಿಸಿಲನ್ನು ವಾಪಸ್ ಕಳಿಸುತ್ತದೆ. ಮುಂದಿನ ವರ್ಷದ ಹಿಮ ಅದರ ಮೇಲೇ ಕೂರುತ್ತದೆ.

ಈಗ ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರೋದು ಜನವರಿಯಲ್ಲಿ. ಸುಮಾರು 11,000 ವರ್ಷಗಳ ಹಿಂದೆ ಅದು ಉತ್ತರದ ಬೇಸಿಗೆಯಲ್ಲಿ ಬರುತ್ತಿತ್ತು. ಭೂಮಿಯ ಅಕ್ಷದ ಓರೆಯೂ ಇವತ್ತಿನ 23.4 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಇತ್ತು. ಎರಡೂ ಸೇರಿ ಬೇಸಿಗೆ ಬಿಸಿಲು ಖಾರವಾಯಿತು. ಆಗಲೇ ಕರಗಲು ಶುರುವಾಗಿದ್ದ ಕೆನಡಾದ ಹಿಮದ ಹಾಸು ಇನ್ನೂ ಬೇಗ ಕರಗಿತು.

ಓರೆ ಹೆಚ್ಚು ಕಮ್ಮಿ ಆಗೋ ಸುತ್ತು 41,000 ವರ್ಷದ್ದು. 1976ರಲ್ಲಿ ಅದೇ ತಾಳ ಸಿಕ್ಕಿದ್ದು ಎಲ್ಲಿ ಗೊತ್ತಾ? ನಮ್ಮ ಹಿಂದೂ ಮಹಾಸಾಗರದ ದಕ್ಷಿಣ ತಳದ ಕೆಸರಿನಲ್ಲಿ, ಹಿಮದ ಏರಿಳಿತದ ಗುರುತು ಉಳಿಸಿಕೊಂಡ, ಕಣ್ಣಿಗೆ ಕಾಣೋದೇ ಕಷ್ಟ ಅನ್ನುವಷ್ಟು ಸಣ್ಣ ಚಿಪ್ಪುಗಳಲ್ಲಿ.

ಅಷ್ಟು ಹೇಳುವಷ್ಟರಲ್ಲಿ ಹುಡುಗ ಮತ್ತೆ ದಾರ ಸುತ್ತಿ ಬುಗುರಿ ಬಿಟ್ಟಿದ್ದ.