ಗಿರಾಕಿ ಮೊತ್ತ ಒತ್ತಬೇಕಿಲ್ಲ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಾನು ಕೆಲಸ ಮಾಡುವ ಕಂಪನಿಯದು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ವ್ಯವಹಾರ. ಚೌಕಿಪೇಟೆಯ ಬಟ್ಟೆ ಅಂಗಡಿಗಳು, ಮಂಡಿಪೇಟೆಯ ಸಗಟು ಕಿರಾಣಿಯವರು, ಹರಿಹರ, ಜಗಳೂರು, ಚಿತ್ರದುರ್ಗದ ಕೆಲವು ಅಂಗಡಿಗಳು ನಮ್ಮ ಗ್ರಾಹಕರು. ದಿನವಿಡೀ ಅವರ ಫೋನ್ ಎತ್ತುವವಳು ನಾನು. ಹೊಸದೇನಾದರೂ ಬಂದರೆ ಅವರಿಗೆ ತಿಳಿಸುವ ಕೆಲಸವೂ ನನ್ನದೇ.

ಈ ಸಲ ಬಂದದ್ದು ಬಿಲ್ಲಿನ ಕೆಳಗೆ ಅಚ್ಚಾಗುವ ಕ್ಯೂಆರ್ ಕೋಡ್. ಗೋಡೆಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಅಂಗಡಿಯ ಯುಪಿಐ ಐಡಿ ಮತ್ತು ಹೆಸರು ಮಾತ್ರ ಇರುತ್ತವೆ, ಮೊತ್ತ ಇರುವುದಿಲ್ಲ. ಹಾಗಾಗಿ ಗಿರಾಕಿಯೇ ಮೊತ್ತ ಒತ್ತಬೇಕು. ಬಿಲ್ಲಿನ ಕ್ಯೂಆರ್ ಒಳಗೆ ಮೊತ್ತ ಮತ್ತು ಬಿಲ್ ನಂಬರ್ ಕೂಡ ಸೇರಿರುತ್ತವೆ. ಬಿಚ್ಚಿ ನೋಡಿದರೆ ಇಷ್ಟೇ:

```
upi://pay?pa=angadi@bank&pn=Angadi&am=2340.00&cu=INR&tn=Bill-118
```

ಇದರಲ್ಲಿ `am` ಅನ್ನುವುದೇ ಮೊತ್ತ. ಅದು ಇದ್ದರೆ ಗಿರಾಕಿಯ ಫೋನಿನಲ್ಲಿ 2,340 ರೂಪಾಯಿ ತಾನಾಗಿಯೇ ತುಂಬಿಕೊಳ್ಳುತ್ತದೆ, ಸಾಮಾನ್ಯವಾಗಿ ಅದನ್ನು ಬದಲಾಯಿಸಲು ಬರುವುದಿಲ್ಲ. ಗಿರಾಕಿ ಪಿನ್ ಒತ್ತಿದರೆ ಮುಗಿಯಿತು.

ಇದನ್ನು ಮಾಡಿದ ಹುಡುಗರು ಅಂದು ಬೆಳಿಗ್ಗೆ ನನಗೊಂದು ಮೆಸೇಜ್ ಬರೆದು ಕೊಟ್ಟಿದ್ದರು: "ಆತ್ಮೀಯ ಗ್ರಾಹಕರೇ, ನಮ್ಮ ತಂತ್ರಾಂಶದ ನೂತನ ಆವೃತ್ತಿಯಲ್ಲಿ ಡೈನಾಮಿಕ್ ಕ್ಯೂಆರ್ ಕೋಡ್ ಸೌಲಭ್ಯವನ್ನು ಪರಿಚಯಿಸಲು ಹರ್ಷಿಸುತ್ತೇವೆ." ತಿಂಗಳುಗಟ್ಟಲೆ ಕೂತು ಕೆಲಸ ಮಾಡಿದವರಿಗೆ ಹರ್ಷವಾಗುವುದು ಸಹಜ. ಆದರೆ ಆ ಸಾಲಿನಲ್ಲಿ ಇದ್ದವರೆಲ್ಲ ನಾವೇ. ನಮ್ಮ ತಂತ್ರಾಂಶ, ನಮ್ಮ ಆವೃತ್ತಿ, ನಮ್ಮ ಹರ್ಷ. ಕೌಂಟರಿನಲ್ಲಿ ಕೂತವರು ಎಲ್ಲೂ ಇರಲಿಲ್ಲ.

ವಾಟ್ಸ್ಆಪ್ ನೋಡದವರಿಗೆ ನಾವು ಎಸ್ಸೆಮ್ಮೆಸ್ ಕಳಿಸುತ್ತೇವೆ. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಗುಣಿತ, ಒತ್ತಕ್ಷರ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತಾರೆ. "ತ್ತಿ" ನಮ್ಮ ಕಣ್ಣಿಗೆ ಒಂದೇ ಅಕ್ಷರ, ಫೋನಿನ ಲೆಕ್ಕದಲ್ಲಿ ನಾಲ್ಕು. ಹುಡುಗರ ಸಾಲನ್ನು ಹಾಗೆ ಎಣಿಸಿ ನೋಡಿದೆ. "ಕ್ಯೂಆರ್ ಕೋಡ್" ಅನ್ನುವಷ್ಟರಲ್ಲೇ 70 ತೀರಿತ್ತು. ಸೌಲಭ್ಯ ಎಂಬ ಮಾತು ಬರುವ ಮೊದಲೇ ಒಂದು ಎಸ್ಸೆಮ್ಮೆಸ್ ಪೂರ್ತಿ ಖರ್ಚಾಗಿತ್ತು. ವಾಟ್ಸ್ಆಪ್‌ನಲ್ಲಿ ಜಾಗಕ್ಕೆ ಬರವಿಲ್ಲ ನಿಜ, ಆದರೆ ಫೋನಿನ ಮೇಲ್ಭಾಗದಲ್ಲಿ ಇಣುಕುವುದು ಮೊದಲ ಸಾಲೇ. ಗಿರಾಕಿಗೆ ಸೀರೆ ಮಡಚಿ ಕೊಡುತ್ತಿರುವವರು ಅಷ್ಟನ್ನೇ ನೋಡುತ್ತಾರೆ. ಅಲ್ಲಿ "ಆತ್ಮೀಯ ಗ್ರಾಹಕರೇ" ಅಂತಿದ್ದರೆ ಅದನ್ನು ತೆರೆಯಲು ಅವರಿಗೆ ಕಾರಣವೇ ಇಲ್ಲ.

ಮಧ್ಯಾಹ್ನ ನಮ್ಮ ಸಾಫ್ಟ್‌ವೇರನ್ನು ಮೊದಲಿನಿಂದಲೂ ಬಳಸುತ್ತಿರುವ ಚೌಕಿಪೇಟೆಯ ಒಂದು ಬಟ್ಟೆ ಅಂಗಡಿಗೆ ಹೋದೆ. ಮದುವೆ ಸೀಸನ್, ಕೌಂಟರ್ ಮುಂದೆ ಜನ. ಒಬ್ಬರು ಸ್ಟಿಕ್ಕರ್ ಸ್ಕ್ಯಾನ್ ಮಾಡಿ "ಎಷ್ಟಂದ್ರಿ?" ಎಂದು ಕೇಳಿದರು. ಅಂಗಡಿಯಣ್ಣ ಹೇಳಿದರು. ಗಲಾಟೆಯಲ್ಲಿ ಅವರಿಗೆ ಸರಿಯಾಗಿ ಕೇಳಲಿಲ್ಲ, ಮತ್ತೆ ಕೇಳಿದರು. ಪಿನ್ ಒತ್ತುವ ಮುಂಚೆ ಅಂಗಡಿಯಣ್ಣ ಕೌಂಟರ್ ಮೇಲೆ ಬಗ್ಗಿ ಅವರ ಫೋನಿನಲ್ಲಿ ಅಂಕಿ ಸರಿಯಿದೆಯಾ ಎಂದು ನೋಡಿದರು. ಒಂದು ಸೊನ್ನೆ ಕಡಿಮೆಯಾದರೆ ಆ ಗಿರಾಕಿಯನ್ನು ಮತ್ತೆ ಹುಡುಕುವುದು ಎಲ್ಲಿ?

ಜನ ಸ್ವಲ್ಪ ಕಡಿಮೆಯಾದ ಮೇಲೆ ಹುಡುಗರ ಮೆಸೇಜನ್ನು ಅವರಿಗೆ ಓದಿ ಹೇಳಿ, "ಇದರಿಂದ ನಾಳೆ ನಿಮ್ಮ ಅಂಗಡೀಲಿ ಏನು ಬದಲಾಗುತ್ತೆ ಹೇಳಿ ಅಣ್ಣಾರೆ" ಎಂದು ಕೇಳಿದೆ.

"ಕ್ಯೂಆರ್ ಈಗ್ಲೂ ಐತಲ್ಲಮ್ಮ. ಮತ್ತೊಂದು ಯಾಕೆ?"

"ಈಗ ಬಗ್ಗಿ ಅವರ ಫೋನ್ ನೋಡಿದ್ರಲ್ಲ, ಅದು ಬೇಕಾಗಲ್ಲ. ಬಿಲ್ಲಿನ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಮೊತ್ತ ಅದೇ ಬರುತ್ತೆ."

"ಹಂಗಾದ್ರೆ ಇವತ್ತೇ ಹಾಕ್ಕೊಡು ಮತ್ತೆ!" ಎಂದವರೇ ತುಸು ತಡೆದು ಕೇಳಿದರು, "ದುಡ್ಡು ಬಂದ ಕೂಡ್ಲೇ ಬಿಲ್‌ಗೆ ಜಮಾನೂ ಅದೇ ಹಾಕ್ಕೊಂತತಾ?"

ಇಲ್ಲ, ಹಾಕಿಕೊಳ್ಳುವುದಿಲ್ಲ. ಹಣ ಹೋಗುವುದು ಗಿರಾಕಿಯ ಬ್ಯಾಂಕಿನಿಂದ ಅಂಗಡಿಯವರ ಬ್ಯಾಂಕಿಗೆ. ಕ್ಯೂಆರ್ ಅಚ್ಚು ಹಾಕಿದ ನಮ್ಮ ಸಾಫ್ಟ್‌ವೇರಿಗೆ ಆ ಸುದ್ದಿ ಮುಟ್ಟುವ ದಾರಿಯೇ ಇಲ್ಲ. ಮುಟ್ಟಬೇಕಾದರೆ ಬ್ಯಾಂಕೋ ಪೇಮೆಂಟ್ ಕಂಪನಿಯೋ ನಮಗೆ ತಿಳಿಸುವ ವ್ಯವಸ್ಥೆ ಬೇರೆ ಮಾಡಬೇಕು. ಈ ಪ್ರಶ್ನೆ ಎಲ್ಲರೂ ಕೇಳುವಂಥದ್ದು ಎಂದು ಅಲ್ಲೇ ಗೊತ್ತಾಯಿತು. ಉತ್ತರವನ್ನು ಮೆಸೇಜಿನಲ್ಲಿ ಹೇಳದಿದ್ದರೆ, ಬಿಲ್ ಆಯಿತು ಅಂದರೆ ಹಣವೂ ಬಂತು ಎಂದುಕೊಂಡು ಯಾರಾದರೂ ಮಾಲು ಕೊಟ್ಟು ಕಳಿಸಿಬಿಡುತ್ತಾರೆ. ಏನು ಬದಲಾಗುತ್ತದೆ ಎಂದು ಮೊದಲ ಸಾಲಿನಲ್ಲೇ ಹೇಳಿದ ಮೇಲೆ, ಏನು ಬದಲಾಗುವುದಿಲ್ಲ ಎಂಬುದನ್ನೂ ಅಷ್ಟೇ ದೊಡ್ಡಕ್ಷರದಲ್ಲಿ ಹೇಳಬೇಕು.

ಅವರ ಅಂಗಡಿಯಲ್ಲೇ ಕೂತು ಅದನ್ನು ಚಾಲೂ ಮಾಡಿದೆವು. ಒಂದು ರೂಪಾಯಿಯ ಬಿಲ್ ಮಾಡಿ, ಕೆಲಸದ ಹುಡುಗನ ಫೋನಿನಿಂದ ಸ್ಕ್ಯಾನ್ ಮಾಡಿಸಿದೆವು. ಅದೇ ಖಾತೆಯಿಂದ ಅದೇ ಖಾತೆಗೆ ಯುಪಿಐ ಹೋಗುವುದಿಲ್ಲ, ಹಾಗಾಗಿ ಮಾಲೀಕರ ಫೋನಿನಲ್ಲಿ ಪರೀಕ್ಷೆ ಮಾಡಿದರೆ ಕೆಟ್ಟಿದೆ ಅನಿಸುತ್ತದೆ. ಹಣ ಹೋಯಿತು, ಆದರೆ ಕೌಂಟರಿನ ಸೌಂಡ್ ಬಾಕ್ಸ್ ಕೂಗಲಿಲ್ಲ. ಅವರು ಹಾಕಿದ್ದು ತಮ್ಮ ಸ್ವಂತ ಫೋನಿನ ಯುಪಿಐ ಐಡಿ, ಬಾಕ್ಸ್ ಕೂಗುವುದು ಅದರ ಜೊತೆ ಬಂದ ಸ್ಟಿಕ್ಕರಿನ ಐಡಿಗೆ ಬಂದ ಹಣಕ್ಕೆ ಮಾತ್ರ. ಐಡಿ ಬದಲಾಯಿಸಿ ಇನ್ನೊಂದು ರೂಪಾಯಿ ಕಳಿಸಿದಾಗ ಬಾಕ್ಸ್ ಕೂಗಿತು. ಕಿವಿಯಿಂದಲೇ ಹಣ ಎಣಿಸುವ ಅಂಗಡಿಗಳಿಗೆ ಇದು ಸಣ್ಣ ವಿಷಯವಲ್ಲ.

ಅಲ್ಲಿಂದ ಮಂಡಿಪೇಟೆಗೆ ಬಂದೆ. ಸಗಟು ಕಿರಾಣಿಯ ಯಜಮಾನರು ಪೂರ್ತಿ ಕೇಳಿಸಿಕೊಂಡು, "ಪೂರ್ತಿ ದುಡ್ಡು ಕೊಡೋರು ಯಾರವ್ವ ಇಲ್ಲಿ?" ಎಂದರು. ಜಗಳೂರಿನ ಅಂಗಡಿಯವರು ನಲವತ್ತು ಸಾವಿರದ ಮಾಲು ಹಾಕಿಕೊಂಡು ಹದಿನೈದು ಕೊಟ್ಟು, ಉಳಿದದ್ದು ಮುಂದಿನ ಸಂತೆಗೆ ಎಂದು ಹೋಗುತ್ತಾರೆ. ಮೊತ್ತ ಬದಲಾಯಿಸಲು ಬರುವುದಿಲ್ಲ ಎಂದು ಬಟ್ಟೆ ಅಂಗಡಿಗೆ ನಾನು ಹೇಳಿದ ಅನುಕೂಲವೇ ಇವರಿಗೆ ತೊಡಕು. ಮೇಲಾಗಿ ಒಂದು ಲಕ್ಷ ದಾಟಿದ ಬಿಲ್ ಸಾಮಾನ್ಯವಾಗಿ ಒಂದೇ ಸಲಕ್ಕೆ ಯುಪಿಐನಲ್ಲಿ ಹೋಗುವುದಿಲ್ಲ. ಅವರ ಪ್ರಿಂಟರ್ ನೋಡಿದೆ. ಕಾರ್ಬನ್ ಪ್ರತಿ ಬೇಕೆಂದು ಇಟ್ಟುಕೊಂಡ ಹಳೆಯ ಡಾಟ್ ಮ್ಯಾಟ್ರಿಕ್ಸ್, ರಿಬ್ಬನ್ ಸವೆದಿತ್ತು. ಅದರಲ್ಲಿ ಅಚ್ಚಾದ ಕ್ಯೂಆರ್ ಮಸುಕಾಗಿ, ಚೌಕಗಳು ಒಂದಕ್ಕೊಂದು ಅಂಟಿಕೊಂಡು ಬಂತು. ಮೂರು ಫೋನ್ ಹಿಡಿದರೂ ಸ್ಕ್ಯಾನ್ ಆಗಲಿಲ್ಲ.

ಸಂಜೆ ಆಫೀಸಿನಲ್ಲಿ ನಮ್ಮ ಸಾಹೇಬರ ಜೊತೆ ಇದರ ಮೇಲೇ ಮಾತಾಯಿತು. "ಹೊಸದು ಬಂದಿದೆ ಅಂತ ಎಲ್ಲರಿಗೂ ಗೊತ್ತಾಗಲಿ ಬಿಡಮ್ಮ, ಏನು ನಷ್ಟ?" ಎಂದರು. ನಷ್ಟವಿದೆ ಎಂದೇ ನಾನು ಹಟ ಹಿಡಿದೆ. ತಮಗೆ ಸಂಬಂಧವಿಲ್ಲದ ಮೆಸೇಜ್ ಎರಡು ಸಲ ಬಂದರೆ ಮೂರನೆಯದನ್ನು ಯಾರೂ ತೆರೆಯುವುದಿಲ್ಲ, ಆ ಮೂರನೆಯದು ಜಿಎಸ್‌ಟಿ ದರ ಬದಲಾದ ಸುದ್ದಿಯೂ ಆಗಿರಬಹುದು. ಯಾರ ಹತ್ತಿರ ಯಾವ ಪ್ರಿಂಟರ್ ಇದೆ ಎಂಬುದು ನಮ್ಮ ಸಾಫ್ಟ್‌ವೇರಿನಲ್ಲೇ ಗೊತ್ತಾಗುತ್ತದೆ. ಥರ್ಮಲ್ ಪ್ರಿಂಟರ್ ಇದ್ದು ಚಿಲ್ಲರೆ ವ್ಯಾಪಾರ ಮಾಡುವವರ ಪಟ್ಟಿ ಬೇರೆ ತೆಗೆದೆವು. ಮಂಡಿಪೇಟೆಯ ಸಗಟಿನವರನ್ನು ಬಿಟ್ಟೆವು. "ಈಗ ಕೊಡುವ ಮೊತ್ತ" ಎಂಬ ಖಾನೆ ಸೇರಿಸಿದ ಮೇಲೆ ಅವರಿಗೆ ಹೇಳುವುದೆಂದು ಸಾಹೇಬರೂ ಒಪ್ಪಿದರು.

ಕೊನೆಗೆ ವಾಟ್ಸ್ಆಪ್‌ನಲ್ಲಿ ಹೋದದ್ದು ಇದು:

"ಇನ್ನು ಗಿರಾಕಿ ಮೊತ್ತ ಒತ್ತಬೇಕಿಲ್ಲ, ನೀವು ಬಗ್ಗಿ ನೋಡಬೇಕಿಲ್ಲ.

ಬಿಲ್ ಕೆಳಗೆ ಬರುವ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಬಿಲ್ಲಿನ ಪೂರ್ತಿ ಮೊತ್ತ ಅವರ ಫೋನಿನಲ್ಲಿ ತಾನೇ ಬರುತ್ತೆ.

ಹಣ ಬಂತಾ ಅಂತ ಈಗಿನ ಹಾಗೇ ಸೌಂಡ್ ಬಾಕ್ಸ್ ಅಥವಾ ಬ್ಯಾಂಕ್ ಮೆಸೇಜಲ್ಲಿ ನೋಡಿಕೊಂಡೇ ಮಾಲು ಕೊಡಿ. ಸಾಫ್ಟ್‌ವೇರಿಗೆ ಅದು ಗೊತ್ತಾಗಲ್ಲ, ಜಮಾ ನೀವೇ ಹಾಕಬೇಕು.

ಸ್ವಲ್ಪ ಹಣ ಮಾತ್ರ ಕೊಡುವವರಿಗೆ ಗೋಡೆ ಮೇಲಿನ ಕ್ಯೂಆರ್ ಬೇಕಾಗುತ್ತೆ, ತೆಗೆಯಬೇಡಿ.

ಶುರು ಮಾಡಲು: ಸೆಟ್ಟಿಂಗ್ಸ್‌ನಲ್ಲಿ ಪೇಮೆಂಟ್ ಒತ್ತಿ, ಸೌಂಡ್ ಬಾಕ್ಸ್ ಜೊತೆ ಬಂದ ಯುಪಿಐ ಐಡಿಯನ್ನೇ ಹಾಕಿ. ಒಂದು ರೂಪಾಯಿ ಬಿಲ್ ಮಾಡಿ ಬೇರೆಯವರ ಫೋನಿನಿಂದ ಸ್ಕ್ಯಾನ್ ಮಾಡಿಸಿ ನೋಡಿ."

ಎಸ್ಸೆಮ್ಮೆಸ್‌ಗೆ: "ಗಿರಾಕಿ ಮೊತ್ತ ಒತ್ತಬೇಕಿಲ್ಲ. ಬಿಲ್ಲಿನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸಾಕು." ಎಣಿಸಿದರೆ 64. ಇದರಲ್ಲಿ ಎಚ್ಚರಿಕೆಯ ಮಾತಿಗೆ ಜಾಗವಿಲ್ಲ. ಅದಕ್ಕೇ ಯುಪಿಐ ಐಡಿ ಹಾಕುವ ಪರದೆಯ ಮೇಲೆಯೇ, ಮೊದಲ ಸಲ ತೆರೆದಾಗ, ಹಣ ಬಂದದ್ದನ್ನು ನೋಡಿಕೊಂಡೇ ಮಾಲು ಕೊಡಿ ಎಂಬ ಸಾಲು ಬರುವ ಹಾಗೆ ಮಾಡಿಸಿದೆ. ಎಸ್ಸೆಮ್ಮೆಸ್ ನೋಡಿ ಶುರು ಮಾಡುವವರೂ ಆ ಪರದೆ ದಾಟಿಯೇ ಹೋಗಬೇಕು. ಡೈನಾಮಿಕ್ ಎಂಬ ಪದ ಎಲ್ಲೂ ಉಳಿಯಲಿಲ್ಲ. ಹುಡುಗರಿಗೆ ಬೇಜಾರಾಯಿತೇನೋ, ಆದರೆ ಒಂದು ರೂಪಾಯಿ ಪರೀಕ್ಷೆಯ ಸಾಲನ್ನು ಸೇರಿಸಿ ಎಂದವರು ಅವರೇ.

ಮರುದಿನ ಮಧ್ಯಾಹ್ನ, ಅಂಗಡಿಗಳಲ್ಲಿ ಊಟದ ಬಿಡುವಿನ ಹೊತ್ತಿಗೆ ಕಳಿಸಿದೆವು. ಬೆಳಿಗ್ಗೆ ಬಾಗಿಲು ತೆಗೆಯುವಾಗಲೂ ಸಂಜೆ ವ್ಯಾಪಾರ ಕುದುರಿದಾಗಲೂ ಸೆಟ್ಟಿಂಗ್ಸ್ ತೆರೆಯುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ನೀಲಿ ಟಿಕ್ ಎಷ್ಟು ಬಂತು ಎಂದು ನಾನು ಲೆಕ್ಕ ಇಡಲಿಲ್ಲ, ತೆರೆದವರೆಲ್ಲ ಓದಿರುತ್ತಾರೆ ಎಂದೇನಿಲ್ಲ. ನಾನು ನೋಡಿದ್ದು ಎರಡೇ: ಯಾವ ಅಂಗಡಿಯಿಂದ ಒಂದು ರೂಪಾಯಿಯ ಬಿಲ್ ಆಯಿತು, ಮತ್ತು ಫೋನ್ ಮಾಡಿದವರು ಏನು ಕೇಳಿದರು. "ಅದೇನದು ಹೊಸದು?" ಎಂದು ಕೇಳಿದ್ದರೆ ಮೆಸೇಜ್ ಸೋತಂತೆ. ಬಂದ ಫೋನುಗಳಲ್ಲಿ ಹೆಚ್ಚಿನವು ಐಡಿ ಎಲ್ಲಿ ಸಿಗುತ್ತದೆ, ಕ್ಯೂಆರ್ ಇನ್ನೂ ದೊಡ್ಡದಾಗಿ ಬರುವ ಹಾಗೆ ಮಾಡಬಹುದಾ ಎಂಬಂಥವು. ಅಂದರೆ ಅವರು ಆಗಲೇ ಶುರು ಮಾಡಿದ್ದರು.

ಜಮಾ ತಾನೇ ಬೀಳುವುದು ಯಾವಾಗ ಎಂದು ಕೇಳಿದವರೂ ಇದ್ದರು, ಚೌಕಿಪೇಟೆಯ ಅಣ್ಣನೂ ಮತ್ತೆ ಕೇಳಿದರು. ದಿನಾಂಕ ಹೇಳಲಿಲ್ಲ. ಕೇಳಿದವರ ಅಂಗಡಿ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅದು ನಿಜವಾಗಿ ನಡೆಯುವ ದಿನ ಮೊದಲ ಮೆಸೇಜ್ ಹೋಗುವುದು ಅವರಿಗೆ.