ಗಂಟುಗಳಲ್ಲಿ ಕಟ್ಟಿದ ಲೆಕ್ಕ: ಲಿಮಾದಿಂದ ಇಂಕಾವಾಸಿಯವರೆಗೆ

ಪೆರು ದೇಶಕ್ಕೆ ಹೋಗುವವರಲ್ಲಿ ಹೆಚ್ಚಿನವರು ಮಾಚು ಪಿಚ್ಚುವಿನ ಕಲ್ಲಿನ ಗೋಡೆಗಳನ್ನು ನೋಡಲು ಹೋಗುತ್ತಾರೆ. ನನ್ನನ್ನು ಅಲ್ಲಿಗೆ ಸೆಳೆದದ್ದು ಆ ಗೋಡೆಗಳನ್ನು ಕಟ್ಟಿಸಿದವರ ಲೆಕ್ಕಪತ್ರ. ಆಂಡಿಸ್ ಪರ್ವತಗಳ ಉದ್ದಕ್ಕೂ ಲಕ್ಷಾಂತರ ಜನರನ್ನು ಆಳಿದ ಇಂಕಾ ಅರಸರಿಗೆ ಲಿಪಿಯಿರಲಿಲ್ಲ. ಯಾವ ಊರಿನಲ್ಲಿ ಎಷ್ಟು ಒಕ್ಕಲು, ಯಾವ ಉಗ್ರಾಣದಲ್ಲಿ ಎಷ್ಟು ಧಾನ್ಯ, ಯಾರು ಎಷ್ಟು ದಿನ ಅರಸನ ಕೆಲಸ ಮಾಡಬೇಕು ಎಂಬುದನ್ನೆಲ್ಲ ಅವರು ಗಂಟು ಹಾಕಿದ ದಾರಗಳಲ್ಲಿ ಇಡುತ್ತಿದ್ದರು. ಇದಕ್ಕೆ ಕಿಪು ಎಂದು ಹೆಸರು. ಅದನ್ನು ಕಟ್ಟಿ ಓದುವ ಅಧಿಕಾರಿ ಕಿಪುಕಮಾಯುಕ್.

ಲಿಮಾದ ಲಾರ್ಕೊ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಹರಡಿಟ್ಟ ಕಿಪುವನ್ನು ಮೊದಲು ಕಂಡಾಗ ಅದು ಕಟ್ಟು ಬಿಚ್ಚಿಹೋದ ಗೊಂಡೆಯಂತೆ ತೋರಿತು. ದಪ್ಪನೆಯ ಒಂದು ಮುಖ್ಯ ಹುರಿ, ಅದರಿಂದ ಇಳಿಬಿದ್ದ ಹತ್ತಿಯ ದಾರಗಳು, ಕೆಲವು ದಾರಗಳಿಗೆ ಮತ್ತೆ ಕವಲು ದಾರಗಳು. ಆದರೆ ಸ್ವಲ್ಪ ಹೊತ್ತು ನಿಂತು ನೋಡಿದರೆ ಗಂಟುಗಳು ಮನಬಂದಂತೆ ಬಿದ್ದಿಲ್ಲವೆಂಬುದು ಕಣ್ಣಿಗೆ ಹತ್ತುತ್ತದೆ. ಅಕ್ಕಪಕ್ಕದ ದಾರಗಳಲ್ಲಿ ಅವು ಒಂದೇ ಎತ್ತರದಲ್ಲಿ ಅಡ್ಡಸಾಲುಗಳಾಗಿ ಕೂತಿರುತ್ತವೆ. ಈ ಸಾಲುಗಳು ನಮ್ಮ ಬಿಡಿ, ಹತ್ತು, ನೂರರ ಸ್ಥಾನಗಳೇ ಎಂದು ಅಮೆರಿಕದ ಲೇಲ್ಯಾಂಡ್ ಲಾಕ್ 1912ರಲ್ಲಿ ತೋರಿಸಿಕೊಟ್ಟರು.

241 ಎಂಬ ಸಂಖ್ಯೆಯನ್ನು ಕಟ್ಟಬೇಕೆಂದಿಟ್ಟುಕೊಳ್ಳೋಣ. ಮುಖ್ಯ ಹುರಿಗೆ ಹತ್ತಿರದಲ್ಲಿ ಎರಡು ಸಾದಾ ಗಂಟು ಹಾಕಿದರೆ ಇನ್ನೂರು; ಸ್ವಲ್ಪ ಜಾಗ ಬಿಟ್ಟು ಕೆಳಗೆ ನಾಲ್ಕು ಸಾದಾ ಗಂಟು ಹಾಕಿದರೆ ನಲವತ್ತು; ಮತ್ತೆ ಜಾಗ ಬಿಟ್ಟು ದಾರದ ತುದಿಯ ಕಡೆಗೆ ಇಂಗ್ಲಿಷಿನ ಎಂಟರ ಅಂಕಿಯ ಆಕಾರದ ಒಂದು ಗಂಟು ಹಾಕಿದರೆ ಒಂದು. ಬಿಡಿ ಸ್ಥಾನದಲ್ಲಿ ಎರಡರಿಂದ ಒಂಬತ್ತರವರೆಗಿನ ಅಂಕಿಗಳಿಗೆ ಉದ್ದ ಗಂಟು ಬಳಸುತ್ತಾರೆ. ದಾರವನ್ನು ತನ್ನ ಸುತ್ತಲೇ ಎಷ್ಟು ಸುತ್ತು ಸುತ್ತಿ ಎಳೆದಿದ್ದಾರೋ ಅದೇ ಅಂಕಿ. ಬಿಡಿ ಸ್ಥಾನಕ್ಕೆ ಮಾತ್ರ ಬೇರೆ ಜಾತಿಯ ಗಂಟು ಇರುವುದರಿಂದ, ಅದು ಕಂಡಲ್ಲಿ ಸಂಖ್ಯೆ ಮುಗಿಯಿತೆಂದು ತಿಳಿಯುತ್ತದೆ, ಒಂದೇ ದಾರದಲ್ಲಿ ಎರಡು ಸಂಖ್ಯೆಗಳಿದ್ದರೂ ಗೊಂದಲವಾಗುವುದಿಲ್ಲ. ಸೊನ್ನೆಗೆ ಗಂಟಿಲ್ಲ, ಬರಿಯ ಖಾಲಿ ಜಾಗ. ಆ ಖಾಲಿ ಜಾಗ ಹತ್ತರದೋ ನೂರರದೋ ಎಂದು ಹೇಳಲು ಪಕ್ಕದ ದಾರಗಳ ಸಾಲನ್ನೇ ನೋಡಬೇಕು. ಹಾಗಾಗಿ ಗುಂಪಿನಿಂದ ಹರಿದುಹೋದ ಒಂಟಿ ದಾರವನ್ನು ಓದುವುದು ಕಷ್ಟ.

ಇಷ್ಟು ತಿಳಿದರೆ ಸಂಖ್ಯೆ ಸಿಕ್ಕಿತು, ಆಡಳಿತ ಸಿಗಲಿಲ್ಲ. ಅದಕ್ಕಾಗಿ ಪುರುಚುಕೊಗೆ ಹೋದೆ. ರಿಮಾಕ್ ಕಣಿವೆಯ ಈ ಹಳೆಯ ಮಣ್ಣಿಟ್ಟಿಗೆಯ ಅರಮನೆ ಈಗ ಲಿಮಾದ ಗದ್ದಲದ ನಡುವೆ, ದೊಡ್ಡದೊಂದು ಫುಟ್‌ಬಾಲ್ ಕ್ರೀಡಾಂಗಣದ ನೆರೆಯಲ್ಲಿ, ಬೋಳು ಗುಡ್ಡದ ಬುಡದಲ್ಲಿ ನಿಂತಿದೆ. ಗೋಡೆಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎತ್ತಿ ಕಟ್ಟಿದ್ದರಿಂದ ಇಕ್ಕಟ್ಟಾದ ಓಣಿಗಳೂ ಕೋಣೆಗಳೂ ಬಹಳ ಅಚ್ಚುಕಟ್ಟಾಗಿ, ನನ್ನ ಕಣ್ಣಿಗೆ ತುಸು ಅತಿಯಾಗಿಯೇ ಅಚ್ಚುಕಟ್ಟಾಗಿ ಕಾಣುತ್ತವೆ. ಇದರ ಬಳಿಯ ಒಂದು ಮನೆಯ ನೆಲದಡಿ, ಗಡಿಗೆಯೊಂದರಲ್ಲಿ, 1956ರಲ್ಲಿ ಕಿಪುಗಳ ಕಟ್ಟೊಂದು ಸಿಕ್ಕಿತು. ಅವುಗಳಲ್ಲಿ ಏಳು ಒಂದಕ್ಕೊಂದು ಸಂಬಂಧಪಟ್ಟವು ಎಂಬುದನ್ನು ಕಿಪು ಸಂಶೋಧಕರಾದ ಗ್ಯಾರಿ ಅರ್ಟನ್ ಮತ್ತು ಕ್ಯಾರಿ ಬ್ರೆಜಿನ್ 2005ರಲ್ಲಿ ಪ್ರಕಟಿಸಿದರು.

ಆ ಏಳು ಕಿಪುಗಳು ಮೂರು ಮೆಟ್ಟಿಲಾಗಿ ನಿಲ್ಲುತ್ತವೆ. ಕೆಳಗಿನ ಮೆಟ್ಟಿಲಿನ ಕಿಪುವಿನಲ್ಲಿ ಒಂದು ಗುಂಪಿನ ದಾರಗಳ ಸಂಖ್ಯೆಗಳನ್ನು ಕೂಡಿದರೆ ಬರುವ ಮೊತ್ತ ಮೇಲಿನ ಮೆಟ್ಟಿಲಿನ ಒಂದು ದಾರದಲ್ಲಿ ಕಾಣುತ್ತದೆ. ನಾನೇ ಕಲ್ಪಿಸಿಕೊಂಡ ಅಂಕಿಗಳಲ್ಲಿ ಹೇಳುವುದಾದರೆ, ಕೆಳಗೆ 8, 12, 15 ಎಂದಿದ್ದರೆ ಮೇಲೆ 35 ಎಂದಿರುತ್ತದೆ. ಅದು ಮತ್ತೆ ಇಂಥವೇ ಮೊತ್ತಗಳೊಡನೆ ಕೂಡಿಕೊಂಡು ಇನ್ನೂ ಮೇಲಕ್ಕೆ ಹೋಗುತ್ತದೆ. ದಾರಗಳ ಬಣ್ಣದ ಕ್ರಮವೂ ಮೆಟ್ಟಿಲಿನಿಂದ ಮೆಟ್ಟಿಲಿಗೆ ಹೊಂದುತ್ತದೆ. ಒಂದೇ ಮೆಟ್ಟಿಲಿನಲ್ಲಿ ಹೆಚ್ಚುಕಡಿಮೆ ಒಂದೇ ಲೆಕ್ಕವುಳ್ಳ ಜೋಡಿ ಕಿಪುಗಳೂ ಇವೆ. ಒಬ್ಬನ ಗಂಟು ತಪ್ಪಿದರೆ ಇನ್ನೊಬ್ಬನದರ ಪಕ್ಕದಲ್ಲಿಟ್ಟು ಹಿಡಿಯಬಹುದು. ಸಂಖ್ಯೆಗಳು ಕೆಳಗಿನಿಂದ ಮೇಲೇರಿದ ವರದಿಯಾಗಿರಬಹುದು, ಮೇಲಿನಿಂದ ಹಂಚಿಕೆಯಾಗಿ ಇಳಿದ ಕೆಲಸದ ಆದೇಶವಾಗಿಯೂ ಇರಬಹುದು. ಇಂಕಾ ಆಡಳಿತ ಒಕ್ಕಲುಗಳನ್ನು ಹತ್ತು, ನೂರು, ಸಾವಿರ, ಹತ್ತು ಸಾವಿರದ ಗುಂಪುಗಳಾಗಿ ಎಣಿಸಿ ಒಂದೊಂದಕ್ಕೂ ಒಬ್ಬ ಮುಖಂಡನನ್ನು ಇಟ್ಟಿದ್ದರಿಂದ ಎರಡು ದಿಕ್ಕಿಗೂ ಇದೇ ಗಣಿತ ಸಾಕಾಗುತ್ತಿತ್ತು.

ನನಗೆ ಬಹಳ ಹಿಡಿಸಿದ ಅಂಶ ಇನ್ನೊಂದು. ಮೇಲಿನ ಎರಡು ಮೆಟ್ಟಿಲಿನ ಕಿಪುಗಳು ಎಂಟರ ಆಕಾರದ ಮೂರು ಗಂಟುಗಳಿಂದ ಆರಂಭವಾಗುತ್ತವೆ, ಕೆಳಗಿನವುಗಳಲ್ಲಿ ಅವಿಲ್ಲ. ಈ ಮೂರು ಗಂಟುಗಳು ಪುರುಚುಕೊ ಎಂಬ ಊರನ್ನೇ ಸೂಚಿಸಬಹುದು ಎಂಬುದು ಆ ಇಬ್ಬರ ವಾದ. ಊರೊಳಗೇ ಉಳಿಯುವ ಲೆಕ್ಕಕ್ಕೆ ಊರಿನ ಗುರುತೇಕೆ? ಹೊರಗೆ ಹೋಗುವ ಲೆಕ್ಕಕ್ಕೆ ಅದು ಬೇಕೇ ಬೇಕು. ವಾದ ಸೊಗಸಾಗಿದೆ, ಆದರೆ ಅಲ್ಲಿ ಎಣಿಸಿದ್ದು ಜನರನ್ನೋ, ಬಟ್ಟೆಯನ್ನೋ, ದುಡಿಮೆಯ ದಿನಗಳನ್ನೋ ಎಂಬುದು ಆ ದಾರಗಳಿಂದ ಹೊರಡುವುದಿಲ್ಲ.

ಅದು ಹೊರಡುವ ಜಾಗ ಲಿಮಾದ ದಕ್ಷಿಣಕ್ಕಿದೆ. ಕರಾವಳಿಯ ಹೆದ್ದಾರಿಯಲ್ಲಿ ಕಾನ್ಯೆತೆಯವರೆಗೆ ಹೋಗಿ, ಅಲ್ಲಿಂದ ಲುನವಾನಾದ ಕಡೆಗೆ ನದಿಯ ಜಾಡು ಹಿಡಿದು ಒಳಕ್ಕೆ ತಿರುಗಿದರೆ, ದ್ರಾಕ್ಷಿ ತೋಟಗಳ ಹಸಿರಿನ ಅಂಚಿಗೇ ಮರಳುಬಣ್ಣದ ಗುಡ್ಡಗಳು ಏಳುತ್ತವೆ. ಆ ಗುಡ್ಡಗಳ ತಪ್ಪಲಿನಲ್ಲಿ ಇಂಕಾವಾಸಿ ಹರಡಿಕೊಂಡಿದೆ. ಇಂಕಾ ಸೇನೆ ಈ ಕಣಿವೆಯ ಜನರನ್ನು ಗೆಲ್ಲಲು ಕಟ್ಟಿಕೊಂಡ ನೆಲೆಯಿದು. ಸಾಲು ಸಾಲಾಗಿ ನಿಂತ ಚೌಕ ಕೋಣೆಗಳ ಉಗ್ರಾಣದಲ್ಲಿ ಪೆರುವಿನ ಪುರಾತತ್ತ್ವಜ್ಞ ಅಲೆಹಾಂದ್ರೊ ಚು ಅವರ ತಂಡ ಕಿಪುಗಳನ್ನು ಅಗೆದು ತೆಗೆಯಿತು. ಬಹುಪಾಲು ಕಿಪುಗಳು ಗೋರಿಗಳಿಂದಲೋ ಕಳ್ಳ ಅಗೆತದಿಂದಲೋ ಬಂದವು. ಇವು ಮಾತ್ರ ತಾವು ಲೆಕ್ಕವಿಡುತ್ತಿದ್ದ ಸರಕಿನ ಕೆಳಗೇ ಇದ್ದವು. ಕೆಲವು ಶೇಂಗಾ ರಾಶಿಯಡಿ, ಕೆಲವು ಮೆಣಸಿನಕಾಯಿಯಡಿ. ಈ ಎರಡೂ ನಮ್ಮ ಅಡುಗೆಮನೆಗೆ ಬಂದದ್ದು ಅಮೆರಿಕ ಖಂಡಗಳಿಂದಲೇ ಆದ್ದರಿಂದ, ಅಲ್ಲಿನ ಮಣ್ಣಿನ ಗೋಡೆಯನ್ನು ನೋಡುತ್ತ ನಿಂತಾಗ ಉಗ್ರಾಣ ಅಷ್ಟೇನೂ ಪರಕೀಯವೆನಿಸಲಿಲ್ಲ.

ಉಗ್ರಾಣದ ನೆಲದಲ್ಲಿ, ಹಸಿ ಮಣ್ಣಿಗೆ ಹಗ್ಗ ಒತ್ತಿ ಮೂಡಿಸಿದ ಒಂದೇ ಅಳತೆಯ ಚೌಕಗಳಿವೆ. ಒಂದೊಂದರ ಬದಿ ಸುಮಾರು 23 ಸೆಂಟಿಮೀಟರ್. ಬಂದ ಬೆಳೆಯನ್ನು ಅದರ ಮೇಲೆ ಹರಡಿ, ಚೌಕಗಳನ್ನು ಎಣಿಸಿ, ದಾರಕ್ಕೆ ಗಂಟು ಹಾಕುತ್ತಿದ್ದರೆಂದು ಊಹಿಸುತ್ತಾರೆ. ಶೇಂಗಾದೊಡನೆ ಸಿಕ್ಕ ಕಿಪುಗಳಲ್ಲಿ ಒಂದು ಕ್ರಮ ಮತ್ತೆ ಮತ್ತೆ ಬರುತ್ತದೆ: ಮೊದಲು ಒಂದು ದೊಡ್ಡ ಸಂಖ್ಯೆ, ಆಮೇಲೆ ಎಲ್ಲೆಡೆ ಬದಲಾಗದ ಒಂದು ಸಣ್ಣ ಸಂಖ್ಯೆ, ಕೊನೆಗೆ ಅದನ್ನು ಕಳೆದು ಉಳಿದದ್ದು. ಆ ನಿಗದಿತ ಸಂಖ್ಯೆ ಉಗ್ರಾಣ ಸೇರುವ ಸರಕಿನ ಮೇಲೆ ಹಿಡಿದುಕೊಂಡ ಪಾಲು, ಒಂದು ಬಗೆಯ ಸುಂಕ, ಆಗಿರಬಹುದು ಎನ್ನುತ್ತಾರೆ. ತಂದ ಮೊತ್ತ ಎಷ್ಟೇ ಇರಲಿ ಕಳೆಯುವುದು ಒಂದೇ ಎಂದಾದರೆ ಅದು ಶೇಕಡಾವಾರು ಸುಂಕವಲ್ಲ ಎಂಬುದು ಮಾತ್ರ ಗಂಟುಗಳೇ ಹೇಳುವ ಮಾತು.

ಉಗ್ರಾಣಕ್ಕೆ ಸರಕು ಸಾಕ್ಷಿ ನುಡಿದಂತೆ ಜನಗಣತಿಗೂ ಒಂದು ಸಾಕ್ಷಿ ಬೇಕಿತ್ತು. ಅದು ಸಿಕ್ಕಿದ್ದು ಉತ್ತರದ ಸಾಂತಾ ಕಣಿವೆಯಿಂದ, ಇಂಕಾ ಅರಸರು ಅಳಿದು ನೂರು ವರ್ಷಕ್ಕೂ ಮೇಲಾದ ಮೇಲಿನ ಕಾಲದಿಂದ. ಅಲ್ಲಿನ ಆರು ಕಿಪುಗಳಲ್ಲಿ ಆರಾರು ದಾರಗಳ 133 ಗುಂಪುಗಳಿವೆ. ಅದೇ ಕಣಿವೆಯ 1670ರ ಸ್ಪ್ಯಾನಿಷ್ ದಾಖಲೆಯಲ್ಲಿ ಕಂದಾಯ ಕೊಡುವ 132 ಗಂಡಸರ ಪಟ್ಟಿಯಿದೆ. ಎರಡನ್ನೂ ಎದುರುಬದುರು ಇಟ್ಟು ನೋಡಿದ ಮ್ಯಾನಿ ಮೆಡ್ರಾನೊ ಆಗಿನ್ನೂ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ದಾರವನ್ನು ಮುಖ್ಯ ಹುರಿಗೆ ಮುಂದಿನಿಂದ ಕಟ್ಟಿದ್ದಾರೋ ಹಿಂದಿನಿಂದಲೋ ಎಂಬುದು ಆ ಮನುಷ್ಯ ಊರಿನ ಯಾವ ಪಂಗಡಕ್ಕೆ ಸೇರಿದವನೆಂದು ತಿಳಿಸಬಹುದು, ದಾರದ ಬಣ್ಣ ಅವನ ಹೆಸರಿಗೆ ಸಂಬಂಧಿಸಿರಬಹುದು ಎಂದು ಅವರೂ ಅರ್ಟನ್ ಅವರೂ ಸೂಚಿಸಿದ್ದಾರೆ. ಪಂಗಡದ ಮಾತನ್ನು ನಾನು ಸುಲಭವಾಗಿ ಒಪ್ಪುತ್ತೇನೆ, ಏಕೆಂದರೆ ಅಲ್ಲಿ ಆಯ್ಕೆ ಎರಡೇ. ಬಣ್ಣ ಮತ್ತು ಹೆಸರಿನ ಮಾತು ನಿಲ್ಲಬೇಕಾದರೆ ಗಂಟಿನ ಲೆಕ್ಕವೂ ಕಾಗದದ ಪಟ್ಟಿಯೂ ಒಟ್ಟಿಗೆ ಉಳಿದ ಮತ್ತೊಂದು ಊರು ಸಿಗಬೇಕು.