ಅಪ್ಪಯ್ಯನ ಠೇವಣಿ ಪಟ್ಟಿ: ನಾಲ್ಕು ನಾಮಿನಿಗಳಾದ ಮೇಲೂ ಉಯಿಲು ಉಳಿಯಿತು

ಶಿರಸಿ ಮನೆಯ ಕಾಗದಪತ್ರಗಳನ್ನು ಒಂದು ಹದಕ್ಕೆ ತರುವ ಕೆಲಸದಲ್ಲಿ ಪಟ್ಟಿ ಮಾಡುವ ಹಂತ ಮುಗಿದಿದೆ. ಅಪ್ಪಯ್ಯ ನಿವೃತ್ತ ಶಿಕ್ಷಕರು. ಹಣವೆಲ್ಲ ಪಿಂಚಣಿ ಮತ್ತು ನಿವೃತ್ತಿಯ ಗಂಟಿನಿಂದ ಬಂದದ್ದು, ಅಂದರೆ ಸ್ವಯಾರ್ಜಿತ. ತೋಟದ ವಿಷಯ ಬೇರೆ, ಅದಕ್ಕೆ ಈ ಕಡತದಲ್ಲಿ ಜಾಗವಿಲ್ಲ.

ಪಟ್ಟಿ ಮಾಡುವಾಗ ಪ್ರತಿ ಠೇವಣಿ ರಸೀದಿಯನ್ನೂ ಬೇರೆಬೇರೆಯಾಗಿ ನೋಡಬೇಕು. ಉಳಿತಾಯ ಖಾತೆಗೆ ಕೊಟ್ಟ ನಾಮಿನಿ ಠೇವಣಿಗೂ ತಾನಾಗಿ ಬಂದಿರುತ್ತದೆ ಎಂದು ನಂಬುವ ಹಾಗಿಲ್ಲ. ಎಲ್ಲಕ್ಕಿಂತ ಹಳೆಯ ರಸೀದಿಯಲ್ಲಿದ್ದ ನಾಮಿನಿ ಅಪ್ಪಯ್ಯನ ಅಕ್ಕ. ಅತ್ತೆ ತೀರಿಕೊಂಡು ಎಷ್ಟೋ ಮಳೆಗಾಲ ಕಳೆದಿದೆ. ಠೇವಣಿ ಅವಧಿ ಮುಗಿದಾಗಲೆಲ್ಲ ತಾನೇ ನವೀಕರಣವಾಗುತ್ತಿದ್ದುದರಿಂದ ಆ ಸಾಲನ್ನು ಯಾರೂ ಓದಿರಲಿಲ್ಲ. ಒಬ್ಬರೇ ನಾಮಿನಿಯಿದ್ದು ಅವರೂ ಇಲ್ಲವಾದರೆ ನಾಮಿನಿಯೇ ಇಲ್ಲ ಎಂದೇ ಲೆಕ್ಕ. ಆಯಿಯ ಹೆಸರಿನದು ನಮ್ಮ ಕಡೆಯ ಮಾಮೂಲಿ ತೊಡಕು: ಮದುವೆಯಲ್ಲಿ ಹೆಸರು ಬದಲಾಯಿಸಿದ್ದರು. ಒಂದು ರಸೀದಿಯಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು. ಹೊಸ ಅರ್ಜಿಗಳಲ್ಲೆಲ್ಲ ಆಧಾರ್‌ನಲ್ಲಿರುವಂತೆಯೇ ಬರೆಸುತ್ತಿದ್ದೇನೆ.

ಎರಡು ದಾರಿ, ಒಂದನ್ನೇ ಆರಿಸಬೇಕು

2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಅದಕ್ಕೆ ಎರಡು ವಿಧಾನಗಳಿವೆ. ಒಂದರಲ್ಲಿ ಎಲ್ಲರೂ ಏಕಕಾಲಕ್ಕೆ ನಾಮಿನಿಗಳು. ಪ್ರತಿಯೊಬ್ಬರ ಮುಂದೆ ಶೇಕಡಾ ಪಾಲು ಬರೆಯಬೇಕು, ಒಟ್ಟು ನೂರಾಗಬೇಕು. ಇನ್ನೊಂದು ಸರದಿಯದು: ಮೊದಲನೆಯವರು ಇಲ್ಲದಿದ್ದರೆ ಎರಡನೆಯವರು, ಅವರೂ ಇಲ್ಲದಿದ್ದರೆ ಮೂರನೆಯವರು. ಲಾಕರಿಗೆ ಸರದಿ ಮಾತ್ರ, ಪಾಲು ಹಾಕುವಂತಿಲ್ಲ. ಒಂದೇ ಠೇವಣಿಯಲ್ಲಿ ಎರಡನ್ನೂ ಬೆರೆಸಲು ಬರುವುದಿಲ್ಲ.

ಅಪ್ಪಯ್ಯನ ಇಚ್ಛೆ ಸರಳವಾದದ್ದು. "ಮೊದಲು ನಿಮ್ಮ ಆಯಿಗೆ. ಅವಳ ನಂತರ ಮೂವರಿಗೂ ಸಮ," ಎಂದರು. ಈ ಒಂದು ವಾಕ್ಯವನ್ನು ಅರ್ಜಿಯಲ್ಲಿ ಬರೆಯಲು ಹೋಗಿ ನಾವು ಮೂವರೂ ತಲೆ ಕೆರೆದುಕೊಂಡೆವು. ಪಾಲಿನ ದಾರಿ ಹಿಡಿದರೆ ಆಯಿಗೆ ಪೂರ್ತಿ ಸಿಗುವುದಿಲ್ಲ. ಸರದಿಯಲ್ಲಿ ಹಾಕಿದರೆ ಆಯಿಯ ನಂತರದ ಹೆಸರು ಒಬ್ಬರದೇ. ಅಣ್ಣನದೆಂದು ಬರೆದರೆ ನಾನೂ ತಂಗಿಯೂ ಅವನ ಹಿಂದೆ ನಿಲ್ಲಬೇಕು.

ಇನ್ನೊಂದು ಸೂಕ್ಷ್ಮವೂ ಇದೆ. ಸರದಿ ಎಂದರೆ ಆಯಿ ಹಣ ಪಡೆದು, ಅವಳ ಕಾಲಾನಂತರ ಉಳಿದದ್ದು ಮುಂದಿನವರಿಗೆ ಹೋಗುತ್ತದೆ ಎಂದಲ್ಲ. ಹಣ ತೆಗೆದುಕೊಳ್ಳುವ ಮೊದಲೇ ಆಯಿ ಇಲ್ಲವಾಗಿದ್ದರೆ ಮಾತ್ರ ಎರಡನೆಯ ಹೆಸರಿಗೆ ಜೀವ ಬರುತ್ತದೆ. ಅವಳ ಕೈಗೆ ಹಣ ಸೇರಿತೆಂದರೆ ಆ ಪಟ್ಟಿಯ ಕೆಲಸ ಅಲ್ಲಿಗೆ ಮುಗಿಯಿತು. ಕಾರವಾರದಲ್ಲಿರುವ ತಂಗಿ ಫೋನಿನಲ್ಲಿ ಇದನ್ನು ಎರಡು ಸಲ ಹೇಳಿಸಿಕೊಂಡಳು.

ಹನ್ನೆರಡು ಲಕ್ಷದ ಮೇಲೆ ಒಂದು ಪರೀಕ್ಷೆ

ಪಾಲಿನ ದಾರಿಯನ್ನು ಕೈಬಿಡುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. 12 ಲಕ್ಷದ ಠೇವಣಿ, ಆಯಿಗೆ ಶೇ. 40, ಮಕ್ಕಳಿಗೆ ತಲಾ ಶೇ. 20 ಎಂದಿಟ್ಟುಕೊಳ್ಳೋಣ. ಎಲ್ಲರೂ ಇದ್ದರೆ ಬ್ಯಾಂಕು ಆಯಿಗೆ 4.8 ಲಕ್ಷ, ನಮಗೆ ತಲಾ 2.4 ಲಕ್ಷ ಕೊಡುತ್ತದೆ.

ಈಗ ಕೆಟ್ಟ ಸಾಧ್ಯತೆ. ಮೂವರಲ್ಲಿ ಒಬ್ಬರು, ನಾನೇ ಎಂದು ಇಟ್ಟುಕೊಳ್ಳಿ, ಅಪ್ಪಯ್ಯನಿಗಿಂತ ಮೊದಲೇ ಹೋದರೆ? ನನ್ನ 2.4 ಲಕ್ಷ ಉಳಿದವರ ಪಾಲಿಗೆ ಸೇರುವುದಿಲ್ಲ, ನನ್ನ ಹೆಂಡತಿಗೆ ನೇರವಾಗಿ ಹೋಗುವುದೂ ಇಲ್ಲ. ಅಷ್ಟು ಭಾಗಕ್ಕೆ ನಾಮಿನಿಯೇ ಇರಲಿಲ್ಲ ಎಂಬಂತೆ ನಡೆಯುತ್ತದೆ. ಆ ತುಂಡಿಗಾಗಿ ವಾರಸುದಾರರೆಲ್ಲ ಸೇರಿ ಬೇರೆಯೇ ಕಾಗದಪತ್ರ ಒದಗಿಸಬೇಕು.

ಇದು ಬ್ಯಾಂಕಿನ ಕೌಂಟರಿನ ಲೆಕ್ಕ. ಹಕ್ಕಿನ ಲೆಕ್ಕ ಬೇರೆ. ನಾಮಿನಿಯಾದವರು ಹಣವನ್ನು ಪಡೆಯಲು ಅರ್ಹರು, ಅಷ್ಟರಿಂದಲೇ ಮಾಲೀಕರಾಗುವುದಿಲ್ಲ. ರಾಮಚಂದರ್ ತಲ್ವಾರ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕ್ ಠೇವಣಿಯ ಬಗ್ಗೆಯೇ ಇದನ್ನು ಹೇಳಿದೆ. ಉಯಿಲು ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅಪ್ಪಯ್ಯನ ತಾಯಿ ಈಗ ಇಲ್ಲದ ಕಾರಣ ಹೆಂಡತಿ ಮತ್ತು ಮೂವರು ಮಕ್ಕಳಿಗೆ ಸಮನಾಗಿ ತಲಾ 3 ಲಕ್ಷ. ನಾನು ಇಲ್ಲದಿದ್ದರೆ ನನ್ನ 3 ಲಕ್ಷ ನನ್ನ ಹೆಂಡತಿ ಮತ್ತು ಮಗನಿಗೆ ಸೇರಬೇಕು. ಅಂದರೆ ಆಯಿ ಶೇ. 40ರ ನಾಮಿನಿಯಾಗಿ 4.8 ಲಕ್ಷ ಪಡೆದರೂ ಅದರಲ್ಲಿ 1.8 ಲಕ್ಷ ಬೇರೆಯವರ ಹಣ. ಅರ್ಜಿಯಲ್ಲಿ ಶೇಕಡಾವಾರು ಬರೆದದ್ದಕ್ಕೆ ಆಸ್ತಿ ಹಂಚಿಕೆಯ ಬಲವಿಲ್ಲ. ಜಗಳ ಬಿದ್ದರೆ ಬ್ಯಾಂಕು ಮಧ್ಯೆ ಬರುವುದಿಲ್ಲ. ನಾಮಿನಿಗೆ ಕೊಟ್ಟೊಡನೆ ಅದರ ಜವಾಬ್ದಾರಿ ತೀರುತ್ತದೆ.

ಹಾಗಾದರೆ ನಾಮಿನಿ ಯಾಕೆ?

ಅಣ್ಣನ ಪ್ರಶ್ನೆ ಇದು. ಹಣ ಬೇಗ ಹೊರಬರಲಿ ಎಂದು, ಅಷ್ಟೇ. ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ, ಗುರುತಿನ ದಾಖಲೆ, ಅರ್ಜಿ ಇಷ್ಟರಲ್ಲಿ ಕೆಲಸವಾಗುತ್ತದೆ. ಇಲ್ಲದಿದ್ದರೆ ನಷ್ಟಭರ್ತಿ ಮುಚ್ಚಳಿಕೆ, ಎಲ್ಲ ವಾರಸುದಾರರ ಸಹಿ; ಮೊತ್ತ ದೊಡ್ಡದಾದರೆ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರದವರೆಗೂ ಹೋಗಬಹುದು. ಆಯಿಯ ಔಷಧದ ಖರ್ಚು ಅಲ್ಲಿಯವರೆಗೆ ಕಾಯುವುದಿಲ್ಲ.

ಹೀಗಾಗಿ ತೀರ್ಮಾನವಾದದ್ದು: ಪಿಂಚಣಿ ಬೀಳುವ ಖಾತೆ ಮೊದಲೇ ಇಬ್ಬರ ಜಂಟಿ ಹೆಸರಿನಲ್ಲಿದೆ, ಉಳಿದವರು ನಡೆಸುವ ಷರತ್ತಿದೆ, ಅಲ್ಲಿ ನಾಮಿನಿಯ ಪಾತ್ರ ಬರುವುದು ಇಬ್ಬರೂ ಇಲ್ಲದಾಗ ಮಾತ್ರ. ಅದಕ್ಕೆ ಮಕ್ಕಳು ಮೂವರೂ ಏಕಕಾಲದ ನಾಮಿನಿಗಳು, 34, 33, 33. ಹೆಚ್ಚಿನ ಒಂದು ತಂಗಿಗೆ ಹೋಯಿತು, ಅಣ್ಣ ಅದನ್ನು ಈಗಲೂ ಆಡಿಕೊಳ್ಳುತ್ತಾನೆ. ಆ ಅರ್ಜಿಗೆ ಆಯಿಯ ಸಹಿಯೂ ಬೇಕಾಯಿತು. ಠೇವಣಿಗಳಿಗೆಲ್ಲ ಸರದಿ, ಆಯಿ ಮೊದಲು. ಅಡಿಕೆ ಹಾಕುವ ಸೊಸೈಟಿಯಲ್ಲಿರುವ ಸಣ್ಣ ಠೇವಣಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ಒಳಪಡುವುದಿಲ್ಲ, ಅಲ್ಲಿ ಸಹಕಾರ ಸಂಘಗಳ ಕಾಯ್ದೆ ಮತ್ತು ಸಂಘದ ಉಪವಿಧಿ ನಡೆಯುತ್ತದೆ. ಅದರ ಅರ್ಜಿಯನ್ನು ಪ್ರತ್ಯೇಕವಾಗಿ ತುಂಬಿದೆವು.

ಉಯಿಲಿನ ಕರಡು

ಅಪ್ಪಯ್ಯನ ಆ ಒಂದು ವಾಕ್ಯಕ್ಕೆ ಜಾಗ ಸಿಕ್ಕಿದ್ದು ಇಲ್ಲಿ. ಕರಡಿನ ಮುಖ್ಯ ಭಾಗ ಹೀಗಿದೆ: "ನನ್ನ ಎಲ್ಲ ಠೇವಣಿ ಮತ್ತು ಖಾತೆಗಳ ಹಣ, ನಾಮಿನಿ ಯಾರೇ ಆಗಿರಲಿ, ನನ್ನ ಹೆಂಡತಿಗೆ ಪೂರ್ಣ ಹಕ್ಕಿನಿಂದ ಸೇರತಕ್ಕದ್ದು. ಆಕೆ ನನಗಿಂತ ಮೊದಲು ತೀರಿಕೊಂಡಿದ್ದಲ್ಲಿ ಮೂವರು ಮಕ್ಕಳಿಗೆ ಸಮಪಾಲು. ಮಕ್ಕಳಲ್ಲಿ ಯಾರಾದರೂ ಇಲ್ಲದಿದ್ದರೆ ಆ ಪಾಲು ಅವರ ಹೆಂಡತಿ ಅಥವಾ ಗಂಡ ಮತ್ತು ಮಕ್ಕಳಿಗೆ." ರಸೀದಿ ಸಂಖ್ಯೆಗಳನ್ನು ಬೇಕೆಂದೇ ಹಾಕಿಲ್ಲ, ನವೀಕರಣವಾದಾಗ ಅವು ಬದಲಾಗಬಹುದು. ಆಯಿಗೆ ಪೂರ್ಣ ಹಕ್ಕು ಬಂದ ಮೇಲೆ ಅವಳ ನಂತರದ್ದನ್ನು ಅವಳೇ ಹೇಳಬೇಕು. ಆದ್ದರಿಂದ ಅವಳದೂ ಒಂದು ಉಯಿಲು ಬೇಕಾಗುತ್ತದೆ. "ನನ್ನ ಹತ್ತಿರ ಏನಿದೆ ಬರೆಯಲು?" ಎಂದಳು. ಅವಳ ಹೆಸರಿನ ಅಂಚೆ ಕಚೇರಿ ಖಾತೆ ಮತ್ತು ಬಂಗಾರದ ಪಟ್ಟಿ ಮುಂದಿಟ್ಟೆ.

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವೂ ಅಲ್ಲ. ಕಡ್ಡಾಯವಾದದ್ದು ಇಬ್ಬರು ಸಾಕ್ಷಿಗಳು. ಅಪ್ಪಯ್ಯ ಸಹಿ ಹಾಕುವುದನ್ನು ನೋಡಿ, ಅವರ ಎದುರಿಗೇ ತಾವೂ ಸಹಿ ಮಾಡಬೇಕು. ತಕರಾರು ನ್ಯಾಯಾಲಯಕ್ಕೆ ಹೋದರೆ ಸಾಕ್ಷಿ ಹೇಳಲು ಅವರಲ್ಲಿ ಒಬ್ಬರಾದರೂ ಬರಬೇಕಾಗುತ್ತದೆ. ಹಾಗಾಗಿ ಅಪ್ಪಯ್ಯ ಸೂಚಿಸಿದ ಅವರ ಓರಗೆಯ ಗೆಳೆಯರನ್ನು ನಯವಾಗಿ ಬದಿಗಿಟ್ಟು, ಪಕ್ಕದ ಮನೆಯ ನಲವತ್ತರ ಹರೆಯದ ಇಬ್ಬರನ್ನು ಕೇಳಿದ್ದೇನೆ. ನಮ್ಮಲ್ಲಿ ಯಾರೂ ಸಾಕ್ಷಿಯಾಗುವುದಿಲ್ಲ, ಪಾಲು ಪಡೆಯುವವರ ಸಹಿಯೇ ಸಂಶಯಕ್ಕೆ ದಾರಿ.

ಬಾಕಿ ಇರುವುದು: ಲಾಕರಿನ ಸರದಿ ಅರ್ಜಿ, ನಾಮನಿರ್ದೇಶನ ದಾಖಲಾಯಿತೆಂದು ಪ್ರತಿ ರಸೀದಿಯ ಮೇಲೂ ಮುದ್ರೆ ಬಿದ್ದಿದೆಯೇ ಎಂಬ ತಪಾಸಣೆ, ಮತ್ತು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಉಯಿಲಿನ ನೋಂದಣಿ. ಕಡ್ಡಾಯವಲ್ಲದಿದ್ದರೂ ಮಾಡಿಸಲೇಬೇಕೆಂದು ಅಪ್ಪಯ್ಯನ ಹಟ. ಅಣ್ಣ ಬೆಂಗಳೂರಿನಿಂದ ಚೌತಿಗೆ ಬಂದಾಗ ಕರೆದುಕೊಂಡು ಹೋಗುತ್ತಾನೆ.